ಕುಂಟದ ಕಾಲು

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಗೆ ಕಾಲಿಟ್ಟವರಿಗೆ ಮೊದಲು ತಾಗುವುದು ಬಿಸಿ, ಆಮೇಲೆ ಹೊಟ್ಟಿನ ಹೊಗೆ, ಕೊನೆಗೆ ಕಾದ ಮರಳಿನಲ್ಲಿ ಅಕ್ಕಿ ಅರಳುವ ಸಣ್ಣ ಸದ್ದು. ನನ್ನ ಅಮ್ಮನ ತಮ್ಮ, ಅಂದರೆ ನಮ್ಮ ಮಾಮು, ಆ ಬಿಸಿಯ ಮುಂದೆ ಮೂವತ್ತು ವರ್ಷ ನಿಂತು ದುಡಿದವರು. ಹೊಸದಾಗಿ ಬಂದ ಆಳುಗಳು ಒಲೆಯ ಬದಿಯ ನೆಲದ ಮೇಲೆ ಕುಣಿದಾಡುತ್ತಿದ್ದರೆ ಮಾಮು ಅಲ್ಲೇ ಬರಿಗಾಲಲ್ಲಿ ನಿಂತು ಬೀಡಿ ಹಚ್ಚುತ್ತಿದ್ದರು. ‘ಮಾಮುಗೆ ಭಟ್ಟಿ ಒಲಿದಿದೆ’ ಎಂದು ಓಣಿಯವರು ಮೆಚ್ಚಿ ಮಾತಾಡುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಬಂದು ಆಗಲೇ ಹತ್ತು ವರ್ಷ ದಾಟಿತ್ತು. ಒಲಿದದ್ದು ಭಟ್ಟಿಯಲ್ಲ, ಕಾಲಿನ ನರ ಸತ್ತಿತ್ತು ಎನ್ನುವುದು ಯಾರಿಗೂ ಹೊಳೆಯಲಿಲ್ಲ. ಮೆಚ್ಚುಗೆಯ ಮಾತಿನಡಿಯಲ್ಲಿ ರೋಗ ಹೀಗೆ ಆರಾಮವಾಗಿ ಬಚ್ಚಿಟ್ಟುಕೊಳ್ಳುತ್ತದೆ.

ಇನ್ನೊಂದು ಸಂಗತಿಗೆ ಮನೆಯವರೆಲ್ಲ ನಕ್ಕಿದ್ದೆವು. ಒಂದು ರಾತ್ರಿ ಇಶಾ ನಮಾಜು ಮುಗಿಸಿ ಮಾಮು ಒಂದೇ ಕಾಲಿನ ಚಪ್ಪಲಿಯಲ್ಲಿ ಮನೆಗೆ ಬಂದರು. ಮಸೀದಿಯ ಬಾಗಿಲಲ್ಲಿ ಎರಡನ್ನೂ ಹಾಕಿಕೊಂಡಿದ್ದು ಅವರಿಗೆ ನೆನಪಿದೆ. ದಾರಿಯಲ್ಲಿ ಎಲ್ಲಿ ಜಾರಿತೋ ಗೊತ್ತಿಲ್ಲ. ಮುಮಾನಿ, ‘ವಯಸ್ಸಾಯಿತು, ಇನ್ನು ಟೋಪಿಯನ್ನೂ ಕಳೆದುಕೊಂಡು ಬರ್ತೀರಿ’ ಎಂದು ಗದರಿದರು. ಮುಂದೆ ದಾವಣಗೆರೆಯ ಡಾಕ್ಟರೊಬ್ಬರು ಮಾಮುವಿನ ಕಾಲನ್ನು ಮುಟ್ಟುವ ಮೊದಲೇ ಕೇಳಿದ ಪ್ರಶ್ನೆ ಇದೇ: ‘ನಿಮಗೆ ಗೊತ್ತಾಗದ ಹಾಗೆ ಚಪ್ಪಲಿ ಕಾಲಿನಿಂದ ಜಾರಿ ಹೋಗಿದ್ದುಂಟಾ?’ ಹವಾಯಿ ಚಪ್ಪಲಿಯನ್ನು ನಾವು ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಹಿಡಿದು ನಡೆಯುತ್ತೇವೆ. ಹಿಡಿದಿದ್ದೇವೆ ಎಂಬ ಅರಿವೇ ಇಲ್ಲದೆ ಹಿಡಿದಿರುತ್ತೇವೆ. ಆ ಹಿಡಿತಕ್ಕೆ ಬೆರಳಿನ ಸ್ಪರ್ಶ ಬೇಕು. ಅದು ಹೋದರೆ ಚಪ್ಪಲಿಯೂ ಹೋಗುತ್ತದೆ, ಹೋದದ್ದೂ ತಿಳಿಯುವುದಿಲ್ಲ. ಯುರೋಪಿನಲ್ಲಿ ಬರೆದ ವೈದ್ಯ ಪುಸ್ತಕದಲ್ಲಿ ಈ ಪ್ರಶ್ನೆ ಇರಲಾರದು. ಚಪ್ಪಲಿಯ ನಾಡಿನ ವೈದ್ಯರು ರೋಗಿಗಳಿಂದಲೇ ಕಲಿತ ಪ್ರಶ್ನೆ ಇದು.

ಡಾಕ್ಟರ ಎರಡನೆಯ ಪ್ರಶ್ನೆ, ‘ಕಾಲು ಜೋಮು ಹಿಡಿಯುತ್ತಾ?’ ಮಾಮು ಖಡಾಖಂಡಿತವಾಗಿ ‘ಇಲ್ಲ’ ಎಂದರು. ಅವರು ಸುಳ್ಳು ಹೇಳಲಿಲ್ಲ. ಏಳನೇ ತರಗತಿಯವರೆಗೆ ಉರ್ದುವಿನಲ್ಲೂ ಆಮೇಲೆ ಕನ್ನಡದಲ್ಲೂ ಓದಿದವನಾದ್ದರಿಂದ ಇಂಥ ಹೊತ್ತಿನಲ್ಲಿ ನನ್ನ ತಲೆ ಶಬ್ದಗಳ ಹಿಂದೆ ಓಡುತ್ತದೆ. ಉರ್ದುವಿನಲ್ಲಿ ‘ಸುನ್’ ಎಂಬ ಒಂದೇ ಮಾತಿದೆ. ಕನ್ನಡದಲ್ಲಿ ಜೋಮು ಬೇರೆ, ಮರಗಟ್ಟುವುದು ಬೇರೆ. ಜೋಮು ಹಿಡಿದದ್ದು ಬಿಡುತ್ತದೆ, ಬಿಡುವಾಗ ಚುರುಚುರು ಎನ್ನುತ್ತದೆ, ಅಂದರೆ ನರ ಇನ್ನೂ ಮಾತಾಡುತ್ತಿದೆ. ಮರಗಟ್ಟಿದ್ದು ಏನನ್ನೂ ಹೇಳುವುದಿಲ್ಲ. ಇಲ್ಲದಿರುವುದನ್ನು ಮನುಷ್ಯ ಹೇಗೆ ಅನುಭವಿಸಬೇಕು? ಆದ್ದರಿಂದ ‘ಜೋಮು ಇಲ್ಲ’ ಎಂಬ ರೋಗಿಯ ಮಾತನ್ನು ನಂಬಿ ಕೂರುವಂತಿಲ್ಲ, ಕಾಲನ್ನೇ ಕೇಳಬೇಕು. ಇನ್ನೂ ವಿಚಿತ್ರವೆಂದರೆ, ಕೆಲವರಿಗೆ ರಾತ್ರಿಯೆಲ್ಲ ಅಂಗಾಲು ಉರಿಯುತ್ತಿರುತ್ತದೆ, ಅದೇ ಅಂಗಾಲಿಗೆ ಮುಳ್ಳು ಚುಚ್ಚಿದರೆ ಗೊತ್ತಾಗುವುದಿಲ್ಲ. ಉರಿಯುತ್ತಿದೆ ಎಂದ ಮಾತ್ರಕ್ಕೆ ಸ್ಪರ್ಶ ಉಳಿದಿದೆ ಎಂದು ಅರ್ಥವಲ್ಲ.

ಡಾಕ್ಟರು ಕಾಲನ್ನು ಕೇಳಿದ್ದು ಒಂದು ನೈಲಾನ್ ಎಳೆಯಿಂದ. ಪೊರಕೆಯ ಕಡ್ಡಿಯಷ್ಟಿರುವ ಆ ಎಳೆಯನ್ನು ಚರ್ಮಕ್ಕೆ ಒತ್ತಿದಾಗ ಅದು ಬಾಗುತ್ತದೆ. ಬಾಗುವಾಗ ಬೀಳುವ ಒತ್ತಡ 10 ಗ್ರಾಂ. ಮಾಮುವಿನ ಕಣ್ಣು ಮುಚ್ಚಿಸಿ ಹೆಬ್ಬೆರಳಿನ ತುದಿಗೆ, ಬೆರಳ ಬುಡದ ದಿಂಡಿಗೆ ಎಳೆ ಮುಟ್ಟಿಸುತ್ತಾ ‘ಹೂಂ ಅನ್ನಿ’ ಎಂದರು. ಎಳೆ ನಾಲ್ಕು ಕಡೆ ಬಾಗಿತು, ಮಾಮು ಒಂದೂ ಹೂಂ ಅನ್ನಲಿಲ್ಲ. ಪಾದದ ಮೇಲ್ಭಾಗಕ್ಕೆ ಬಂದಾಗ ‘ಹೂಂ’ ಎಂದರು. ಈ 10 ಗ್ರಾಂ ತಿಳಿಯದ ಕಾಲು ತನ್ನನ್ನು ತಾನು ಕಾಪಾಡಿಕೊಳ್ಳಲಾರದ ಕಾಲು.

ಮನೆಯಲ್ಲಿ ಆ ಎಳೆ ಇರುವುದಿಲ್ಲ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು 2011ರಲ್ಲಿ ಪ್ರಕಟಿಸಿದ ಒಂದು ಸುಲಭ ಪರೀಕ್ಷೆ ಇದೆ, ಅದಕ್ಕೆ ಬೇಕಾದದ್ದು ಮನೆಯವರ ತೋರುಬೆರಳು ಮಾತ್ರ. ಕಣ್ಣು ಮುಚ್ಚಿ ಮಲಗಿದವರ ಆರು ಬೆರಳ ತುದಿಗಳನ್ನು ಮುಟ್ಟಬೇಕು. ಬಲಗಾಲಿನ ಹೆಬ್ಬೆರಳು, ಕಿರುಬೆರಳು. ಎಡಗಾಲಿನ ಹೆಬ್ಬೆರಳು, ಕಿರುಬೆರಳು. ಮತ್ತೆ ಬಲಗಾಲಿನ ನಡುಬೆರಳು, ಎಡಗಾಲಿನ ನಡುಬೆರಳು. ಹಕ್ಕಿಗರಿ ಕೂತಷ್ಟು ಹಗುರ, ಒಂದೆರಡು ಸೆಕೆಂಡು ಮಾತ್ರ. ಒತ್ತಬಾರದು, ತಟ್ಟಬಾರದು, ಕಚಗುಳಿ ಇಡಬಾರದು. ಗೊತ್ತಾಗಲಿಲ್ಲವೆಂದು ಅದೇ ಬೆರಳನ್ನು ಮತ್ತೆ ಮುಟ್ಟಿ ನೋಡಲೂಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಆ ಕಾಲು ಇನ್ನು ಮೇಲೆ ಬೇರೆಯವರ ಕಣ್ಣಿನ ಕಾವಲಿನಲ್ಲಿರಬೇಕು. ನಮ್ಮ ಮನೆಯಲ್ಲಿ ಒಂದು ಭಾನುವಾರ ಸಕ್ಕರೆ ಇರುವ ಮೂವರಿಗೂ ಮಾಡಿದೆವು. ಒಬ್ಬ ಚಿಕ್ಕಪ್ಪ ಮೂರು ತಪ್ಪಿದರು. ಅವರಿಗೂ ಅದುವರೆಗೆ ‘ಏನೂ ತೊಂದರೆ’ ಇರಲಿಲ್ಲ.

ಇಷ್ಟಕ್ಕೂ ಮಾಮು ಡಾಕ್ಟರ ಹತ್ತಿರ ಹೋದದ್ದು ಕಾಲಿನ ಬೇನೆಗಲ್ಲ. ಬೇನೆಯೇ ಇರಲಿಲ್ಲವಲ್ಲ. ಮುಮಾನಿ ಬೆಳಿಗ್ಗೆ ನೆಲ ಒರೆಸುವಾಗ ಬಿಳಿ ಟೈಲ್ಸಿನ ಮೇಲೆ ಬಚ್ಚಲಿನಿಂದ ಜಾನಮಾಜಿನವರೆಗೆ ನಾಲ್ಕಾರು ಕಂದು ಚುಕ್ಕೆಗಳನ್ನು ಕಂಡರು. ಹೆಜ್ಜೆಗೊಂದರಂತೆ, ಬಲಗಾಲಿನದ್ದು ಮಾತ್ರ. ವಜೂ ಮಾಡಿ ಒದ್ದೆ ಕಾಲಲ್ಲಿ ನಡೆದು ಬಂದವರ ಗುರುತು ಅದು. ಕಾಲೆತ್ತಿ ನೋಡಿದರೆ ಹೆಬ್ಬೆರಳ ಬುಡದ ದಿಂಡಿನಲ್ಲಿ ವರ್ಷಗಳಿಂದ ಇದ್ದ ಆಣಿ. ಹಳದಿ, ಕಲ್ಲಿನಂತೆ ಗಟ್ಟಿ, ನಡುವೆ ಕಡಲೆಕಾಳಿನಷ್ಟು ಕಪ್ಪು. ಅದರ ಅಂಚಿನ ಬಿರುಕಿನಿಂದ ಒಸರು. ಮಾಮು, ‘ಆಣಿ ಅಷ್ಟೇ, ನಾನೇ ಬ್ಲೇಡಿನಲ್ಲಿ ಕೆರೆದುಕೊಳ್ತೀನಿ’ ಎಂದರಂತೆ. ಅದನ್ನೂ ಮಾಡಿದ್ದರು, ಅದಕ್ಕೆ ಮೊದಲು ಮೆಡಿಕಲ್ ಶಾಪಿನಿಂದ ಆಣಿಗೆ ಅಂಟಿಸುವ ಪಟ್ಟಿಯನ್ನೂ ತಂದು ಹಚ್ಚಿದ್ದರು. ಆ ಪಟ್ಟಿಯಲ್ಲಿ ಇರುವುದು ಚರ್ಮವನ್ನು ಕರಗಿಸುವ ಆಮ್ಲ. ನೋವು ತಿಳಿಯುವವನು ಉರಿದೊಡನೆ ಕಿತ್ತು ಬಿಸಾಡುತ್ತಾನೆ. ತಿಳಿಯದವನ ಕಾಲಲ್ಲಿ ಅದು ಆಣಿಯನ್ನು ದಾಟಿ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ.

ಡಾಕ್ಟರು ಚಾಕುವಿನಿಂದ ಆ ಆಣಿಯನ್ನು ಸುಲಿಯುತ್ತಾ ಹೋದರು. ಅರಿವಳಿಕೆಯ ಸೂಜಿಯೇನೂ ಬೇಕಾಗಲಿಲ್ಲ. ಮಾಮು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಮಂಡಕ್ಕಿಯ ದರದ ಬಗ್ಗೆ ನನ್ನೊಂದಿಗೆ ಮಾತಾಡುತ್ತಿದ್ದರು. ಮೇಲೆ ಕಡಲೆಕಾಳಿನಷ್ಟಿದ್ದ ಕಪ್ಪಿನ ಅಡಿಯಲ್ಲಿ ಹಳೆಯ ನಾಲ್ಕಾಣೆ ನಾಣ್ಯದಗಲದ ಗುಳಿ ಇತ್ತು. ಮುಮಾನಿ ಮುಖ ತಿರುಗಿಸಿಕೊಂಡರು. ಡಾಕ್ಟರು ಮೊಂಡು ತುದಿಯ ಉಕ್ಕಿನ ಕಡ್ಡಿಯೊಂದನ್ನು ಗುಳಿಯೊಳಗೆ ಮೆಲ್ಲಗೆ ಇಳಿಸಿ, ‘ಮೂಳೆ ತಾಗಲಿಲ್ಲ, ನಿಮ್ಮ ಪುಣ್ಯ’ ಎಂದರು. ಆ ಕಡ್ಡಿಗೆ ತಳದಲ್ಲಿ ಕಲ್ಲು ತಾಗಿದಂತೆ ಗಟ್ಟಿಯಾಗಿ ಏನಾದರೂ ತಾಗಿದರೆ ಅದು ಮೂಳೆ. ಆಗ ಸೋಂಕು ಮೂಳೆಗೂ ಇಳಿದಿರುವ ಸಂಭವ ಹೆಚ್ಚು, ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ.

ಆಣಿ ಯಾಕೆ ಹುಣ್ಣಾಯಿತು ಎಂದು ನಾನು ಕೇಳಿದೆ. ಅವರು ವಿವರಿಸಿದ್ದನ್ನು ನನಗೆ ತಿಳಿದ ಮಾತಿನಲ್ಲಿ ಹೇಳುತ್ತೇನೆ. ಸಕ್ಕರೆಯಿಂದ ಮೊದಲು ಕೆಡುವುದು ದೇಹದ ಅತಿ ಉದ್ದದ ನರಗಳು, ಅಂದರೆ ಸೊಂಟದಿಂದ ಕಾಲ್ಬೆರಳವರೆಗೆ ಹೋಗುವವು. ಆದ್ದರಿಂದಲೇ ಮರಗಟ್ಟುವುದು ಬೆರಳಿನಲ್ಲಿ ಶುರುವಾಗಿ ಕಾಲುಚೀಲ ಎಳೆದುಕೊಂಡಂತೆ ಮೇಲಕ್ಕೆ ಏರುತ್ತದೆ. ಸ್ಪರ್ಶದ ನರದ ಜೊತೆಗೆ ಪಾದದ ಸಣ್ಣ ಸ್ನಾಯುಗಳನ್ನು ಆಡಿಸುವ ನರಗಳೂ ಸಾಯುತ್ತವೆ. ಬೆರಳುಗಳು ಹಕ್ಕಿಯ ಉಗುರಿನಂತೆ ಮಡಚಿಕೊಳ್ಳುತ್ತವೆ, ಅವುಗಳ ಬುಡದ ಮೂಳೆಗಳು ಕೆಳಕ್ಕೆ ಚಾಚಿ ನಿಲ್ಲುತ್ತವೆ. ಬೆವರಿಸುವ ನರಗಳೂ ಹೋಗುವುದರಿಂದ ಚರ್ಮ ಒಣಗಿ ಬಿರಿಯುತ್ತದೆ. ಚಾಚಿದ ಮೂಳೆಯ ಮೇಲೆ ಹೆಜ್ಜೆ ಹೆಜ್ಜೆಗೂ ಭಾರ ಬಿದ್ದಲ್ಲಿ ಚರ್ಮ ತನ್ನನ್ನು ಉಳಿಸಿಕೊಳ್ಳಲು ದಪ್ಪಗಾಗುತ್ತದೆ, ಅದೇ ಆಣಿ. ಆದರೆ ದಪ್ಪಗಾದ ಆಣಿ ಚಪ್ಪಲಿಯೊಳಗೆ ಬಿದ್ದ ಕಲ್ಲಿನಂತೆ ತಾನೇ ಒಳಕ್ಕೆ ಒತ್ತತೊಡಗುತ್ತದೆ. ಕೆಳಗೆ ಕಲ್ಲು, ಮೇಲೆ ಮೂಳೆ, ನಡುವೆ ಮಾಂಸ ಜಜ್ಜಿ ರಕ್ತ ಒಸರುತ್ತದೆ. ಆ ರಕ್ತವೇ ಆಣಿಯ ನಡುವಿನ ಕಪ್ಪು. ಕಪ್ಪು ಕಂಡ ಆಣಿ ಎಂದರೆ ಮುಚ್ಚಳ ಹಾಕಿದ ಹುಣ್ಣು. ಈ ಒಂದು ಮಾತನ್ನು ಆ ಹಿಂದೆ ಯಾರೂ ಮಾಮುವಿಗೆ ಹೇಳಿರಲಿಲ್ಲ, ಹದಿನಾಲ್ಕು ವರ್ಷದಲ್ಲಿ ಎಷ್ಟೋ ಸಲ ರಕ್ತ ಕೊಟ್ಟು ಸಕ್ಕರೆ ನೋಡಿಸಿದ್ದರೂ ಅವರ ಚಪ್ಪಲಿಯನ್ನು ಯಾರೂ ಬಿಚ್ಚಿಸಿರಲಿಲ್ಲ.

ಇಲ್ಲಿ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರ ಕತೆಯನ್ನು ಹೇಳಬೇಕು. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಮಿಷನರಿ ದಂಪತಿಗಳ ಮಗನಾಗಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದವರು. ಕುಷ್ಠ ರೋಗಿಗಳ ಬೆರಳು, ಪಾದಗಳು ತಾವಾಗಿಯೇ ಕೊಳೆತು ಉದುರುತ್ತವೆ ಎಂದು ಲೋಕವೆಲ್ಲ ನಂಬಿದ್ದ ಕಾಲ ಅದು. ಬ್ರ್ಯಾಂಡ್ ಕಂಡದ್ದು ಬೇರೆ. ರೋಗ ನರವನ್ನು ಮಾತ್ರ ಕೊಲ್ಲುತ್ತದೆ. ಉಳಿದ ಹಾನಿಯನ್ನು ನೋವಿಲ್ಲದ ಮನುಷ್ಯ ದಿನನಿತ್ಯದ ಕೆಲಸದಲ್ಲಿ ತಾನೇ ಮಾಡಿಕೊಳ್ಳುತ್ತಾನೆ. ಕೆಲವರ ಬೆರಳು ರಾತ್ರಿ ಬೆಳಗಾಗುವುದರೊಳಗೆ ಮಾಯವಾಗುತ್ತಿದ್ದುದನ್ನು ಕಾದು ನೋಡಿದರೆ, ಮಲಗಿದಾಗ ಇಲಿ ತಿನ್ನುತ್ತಿತ್ತು. ಆಮೇಲೆ ಮನೆಗೆ ಹೋಗುವ ರೋಗಿಗಳಿಗೆ ಬೆಕ್ಕನ್ನೂ ಕೊಟ್ಟು ಕಳಿಸುತ್ತಿದ್ದರಂತೆ. ಇದನ್ನು ಮಾಮುಗೆ ಹೇಳಿದಾಗ ಅವರು ನಗಲಿಲ್ಲ. ಅಕ್ಕಿಯ ಗೋದಾಮಿನಲ್ಲಿ ಮಲಗಿ ಎದ್ದವರಿಗೆ ಇಲಿ ಕತೆಯ ಪ್ರಾಣಿಯಲ್ಲ.

ಬ್ರ್ಯಾಂಡ್ ಗಮನಿಸಿದ ಇನ್ನೊಂದು ವಿಷಯ ನನಗೆ ಇಲಿಗಿಂತ ದೊಡ್ಡದಾಗಿ ಕಾಣುತ್ತದೆ. ಆರೋಗ್ಯವಂತ ಮನುಷ್ಯ ಬಹಳ ದೂರ ನಡೆದರೆ ಸ್ವಲ್ಪ ಸ್ವಲ್ಪವೇ ಕುಂಟಲು ಶುರುಮಾಡುತ್ತಾನೆ. ನೋಯುವ ಜಾಗದಿಂದ ಭಾರವನ್ನು ಆಚೆಗೆ ಸರಿಸುತ್ತಾನೆ, ಹಿಮ್ಮಡಿಯಿಂದ ಬೆರಳಿಗೆ, ಒಳ ಅಂಚಿನಿಂದ ಹೊರ ಅಂಚಿಗೆ. ಕುಂಟುತ್ತಿದ್ದೇನೆ ಎಂದು ಅವನಿಗೇ ಗೊತ್ತಿರುವುದಿಲ್ಲ. ಮರಗಟ್ಟಿದ ಕಾಲು ಕುಂಟುವುದಿಲ್ಲ. ಮೊದಲ ಹೆಜ್ಜೆಯಲ್ಲಿ ಒತ್ತಿದ ಜಾಗವನ್ನೇ ಸಾವಿರದ ಹೆಜ್ಜೆಯಲ್ಲೂ ಒತ್ತುತ್ತದೆ. ಮಾಮು ದಿನಕ್ಕೆ ಐದು ಸಾವಿರ ಹೆಜ್ಜೆ ನಡೆದರು ಎನ್ನಿ. ಬಲಗಾಲಿನ ಪಾಲು ಎರಡೂವರೆ ಸಾವಿರ, ಅಷ್ಟೂ ಸಲ ಅದೇ ನಾಲ್ಕಾಣೆಯಗಲದ ಜಾಗದ ಮೇಲೆ ಅವರ ಎಪ್ಪತ್ತೆರಡು ಕಿಲೋ. ಅದರ ಮೇಲೆ ಯಾವ ಮುಲಾಮು ಹಚ್ಚಿ ಏನು ಪ್ರಯೋಜನ? ನಮ್ಮಲ್ಲಿ ಗಾಯ ಎಂದೊಡನೆ ಅರಿಶಿಣವೋ, ಸೀಮೆಎಣ್ಣೆಯೋ, ಟೂತ್‌ಪೇಸ್ಟೋ ಎಂಬ ಚರ್ಚೆ ಹತ್ತುತ್ತದೆ. ದುಬಾರಿ ಆಸ್ಪತ್ರೆಯಲ್ಲೂ ಅದೇ ಚರ್ಚೆ, ಮುಲಾಮಿನ ಹೆಸರು ಮಾತ್ರ ಬೇರೆ. ಹುಣ್ಣಿನ ಮೇಲೆ ನಡೆಯುವುದನ್ನು ನಿಲ್ಲಿಸಿದ್ದೀರಾ ಎಂದು ಕೇಳುವವರು ಕಡಿಮೆ.

ಬ್ರ್ಯಾಂಡ್ ವೆಲ್ಲೂರಿನಲ್ಲಿ ಹುಣ್ಣಾದ ಪಾದಕ್ಕೆ ಪ್ಲಾಸ್ಟರ್ ಕಟ್ಟು ಹಾಕುತ್ತಿದ್ದರು. ಮುರಿದ ಮೂಳೆಗೆ ಹಾಕುವಂತೆಯೇ, ಆದರೆ ಪಾದದ ಉಬ್ಬುತಗ್ಗಿಗೆ ಸರಿಯಾಗಿ ಅಂಟುವಂತೆ. ಆಗ ಭಾರ ಒಂದೇ ಚುಕ್ಕೆಯ ಮೇಲೆ ಬೀಳದೆ ಇಡೀ ಅಂಗಾಲು ಮತ್ತು ಮೊಣಕಾಲ ಕೆಳಗಿನ ಕಾಲಿಗೆಲ್ಲ ಹಂಚಿಹೋಗುತ್ತದೆ. ಎಷ್ಟೋ ಕಾಲದಿಂದ ವಾಸಿಯಾಗದ ಹುಣ್ಣುಗಳು ಒಣಗಿದವು. ಮುಂದೆ ಅವರು ಅಮೆರಿಕದ ಕಾರ್ವಿಲ್ ಎಂಬಲ್ಲಿಯ ಕುಷ್ಠರೋಗದ ಆಸ್ಪತ್ರೆಗೆ ಹೋದಾಗ ಈ ಪಾಠವೇ ಸಕ್ಕರೆ ಕಾಯಿಲೆಯವರ ಪಾದಕ್ಕೂ ಹಬ್ಬಿತು. ಬಡ ಕುಷ್ಠರೋಗಿಗಳ ಕಾಲಿನಿಂದ ಕಲಿತದ್ದನ್ನು ಜಗತ್ತಿನ ಶ್ರೀಮಂತ ಸಕ್ಕರೆ ರೋಗಿಗಳು ಇವತ್ತು ಬಳಸುತ್ತಿದ್ದಾರೆ. ಇಂಥ ಕಟ್ಟು ಎಲ್ಲರಿಗೂ ಆಗುವುದಿಲ್ಲ ಎಂಬುದನ್ನೂ ಹೇಳಬೇಕು. ಕಾಲಿಗೆ ರಕ್ತ ಸಾಲದವರಿಗೆ, ಹುಣ್ಣು ಕೀವಾಗಿ ಸೋಂಕು ಒಳಗೆ ಇಳಿದವರಿಗೆ ಮುಚ್ಚಿದ ಕಟ್ಟು ಅಪಾಯ. ಅದಕ್ಕೇ ಡಾಕ್ಟರು ಮೊದಲು ಮಾಮುವಿನ ಪಾದದ ಮೇಲೆ, ಹೆಬ್ಬೆರಳಿನ ಸ್ನಾಯುರಜ್ಜಿನ ಪಕ್ಕ ಬೆರಳಿಟ್ಟು ನಾಡಿ ನೋಡಿದ್ದು. ನಾಡಿ ಸಿಕ್ಕಿತು. ಬೀಡಿ ಬಿಟ್ಟು ಕೆಲವು ವರ್ಷವಾಗಿತ್ತು, ಅದರ ಫಲವೂ ಇದ್ದೀತು.

ಮಾಮುವಿಗೆ ಕಟ್ಟು ಹಾಕಿದರು. ವಾರಕ್ಕೊಮ್ಮೆ ಬಿಚ್ಚಿ, ಹುಣ್ಣಿನ ಅಂಚಿನ ಆಣಿಯನ್ನು ಮತ್ತೆ ಸುಲಿದು, ಹೊಸ ಕಟ್ಟು. ಮನೆಯಲ್ಲಿ ವಾಕರ್. ಬಲಗಾಲಿಗೆ ಕಟ್ಟಿದ್ದುದರಿಂದ ವಜೂವಿನಲ್ಲಿ ಒದ್ದೆ ಕೈಯಿಂದ ಕಟ್ಟಿನ ಮೇಲೆ ಸವರಿದರೆ ಸಾಕೆಂದು ಮೌಲವಿ ಸಾಹೇಬರು ಹೇಳಿದ ಮೇಲೆ ಅವರ ಮನಸ್ಸು ಹಗುರಾಯಿತು. ಅದಕ್ಕೆ ಮೊದಲು ಎರಡು ಸಲ ಕಟ್ಟನ್ನು ನೆನೆಸಿಕೊಂಡಿದ್ದರು. ಕುರ್ಚಿಯ ಮೇಲೆ ಕೂತು ನಮಾಜು. ಏಳನೇ ವಾರಕ್ಕೆ ಹುಣ್ಣು ಮುಚ್ಚಿತು. ‘ಹೋಯ್ತಲ್ಲ ಬೇಟಾ, ಇನ್ನೇನು’ ಎಂದು ಮಾಮು ಫೋನಿನಲ್ಲಿ ಹೇಳಿದಾಗ ಡಾಕ್ಟರ ಮಾತನ್ನು ಮುಮಾನಿ ಹಿಂದಿನಿಂದ ಕೂಗಿ ಹೇಳುತ್ತಿದ್ದರು: ‘ಹೋಗಿಲ್ಲ, ಮಲಗಿದೆ ಅಂದ್ರು!’ ಡಾಕ್ಟರ ಮಾತು ಸರಿಯೇ. ಮುಚ್ಚಿದ ಇಂಥ ಹುಣ್ಣುಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಒಂದೇ ವರ್ಷದಲ್ಲಿ ಮತ್ತೆ ತೆರೆಯುತ್ತವೆ ಎಂದು ಬೇರೆ ಬೇರೆ ದೇಶಗಳ ಲೆಕ್ಕ ಹೇಳುತ್ತದೆ. ಹುಣ್ಣು ಮಾಡಿದ ಮೂಳೆ, ಸತ್ತ ನರ, ನಡಿಗೆ ಮೂರೂ ಹಾಗೇ ಇರುತ್ತವಲ್ಲ. ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಉಳಿದ ನರ ಉಳಿಯಬಹುದು, ಸತ್ತದ್ದು ಎದ್ದು ಬರುವುದನ್ನು ನೆಚ್ಚಿಕೊಳ್ಳುವಂತಿಲ್ಲ.

ಅಂದಿನಿಂದ ಮುಮಾನಿಯ ದಿನಚರಿಗೆ ಒಂದು ಕೆಲಸ ಸೇರಿತು. ಮಗ್ರಿಬ್ ಆದ ಮೇಲೆ, ಟ್ಯೂಬ್‌ಲೈಟಿನ ಕೆಳಗೆ, ಮಾಮುವಿನ ಕಾಲನ್ನು ತಮ್ಮ ಮೊಣಕಾಲಿನ ಮೇಲಿಟ್ಟುಕೊಂಡು ನೋಡುವುದು. ಹತ್ತೊಂಬತ್ತನೇ ವಯಸ್ಸಿಗೆ ಮದುವೆಯಾಗಿ ಬಂದವರು, ನಲವತ್ತು ವರ್ಷದಲ್ಲಿ ಗಂಡನ ಅಂಗಾಲನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು ಎಂದು ನಗುತ್ತಾರೆ. ಅವರ ಕ್ರಮವನ್ನು ನಾನು ಕೂತು ನೋಡಿದ್ದೇನೆ. ಮೊದಲು ಅಂಗಾಲು: ಬೆರಳ ಬುಡದ ದಿಂಡು, ಹಿಮ್ಮಡಿಯ ಸುತ್ತ. ಆಮೇಲೆ ಒಂದೊಂದೇ ಬೆರಳನ್ನು ಬಿಡಿಸಿ ಸಂದು. ಅಲ್ಲಿ ಚರ್ಮ ನೆನೆದ ಕಾಗದದಂತೆ ಬೆಳ್ಳಗಾಗಿದ್ದರೆ ಅದು ಬೂಷ್ಟು ಹಿಡಿಯುತ್ತಿರುವ ಲಕ್ಷಣ. ದಿನಕ್ಕೆ ಐದು ಸಲ ಕಾಲು ತೊಳೆಯುವವರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ವಜೂವಿನಲ್ಲಿ ಕಿರುಬೆರಳಿನಿಂದ ಬೆರಳ ಸಂದಿಗಳನ್ನು ಉಜ್ಜುವ ಖಿಲಾಲ್ ಇದೆ, ಅದೇ ಹೊತ್ತಿಗೆ ಕಣ್ಣೂ ಅಲ್ಲಿಗೆ ಹೋದರೆ ಪರೀಕ್ಷೆ ಮುಗಿಯಿತು. ಆದರೆ ತೊಳೆದ ಮೇಲೆ ಸಂದಿಯನ್ನು ಒಣ ಬಟ್ಟೆಯಿಂದ ಒತ್ತಿ ಒರೆಸದಿದ್ದರೆ ಅದೇ ನೀರು ವೈರಿ. ಕೊನೆಗೆ ಬೆರಳುಗಳ ಮೇಲ್ಭಾಗ, ಉಗುರಿನ ಅಂಚು, ಮತ್ತು ನಮಾಜಿನಲ್ಲಿ ಕಾಲು ಮಡಚಿ ಕೂರುವವರಿಗೆ ಗಟ್ಟಿಯಾಗುವ ಹರಡಿನ ಹೊರಬದಿ.

ನೋಡಿದ ಮೇಲೆ ಮುಟ್ಟುತ್ತಾರೆ. ಅಂಗೈಯಿಂದಲ್ಲ, ಮುಂಗೈಯ ಹಿಂಬದಿಯಿಂದ. ಮಗುವಿಗೆ ಜ್ವರ ಇದೆಯಾ ಎಂದು ನೋಡುವ ಹಾಗೆ. ಎರಡೂ ಪಾದದ ಒಂದೇ ಜಾಗವನ್ನು ಹೋಲಿಸಬೇಕು. ಹುಣ್ಣಾಗುವ ಜಾಗ ತೆರೆಯುವ ಕೆಲವು ದಿನ ಮೊದಲೇ ಬಿಸಿಯಾಗುತ್ತದೆ. ಥರ್ಮಾಮೀಟರಿನಲ್ಲಿ ನೋಡುವವರು 2.2 ಡಿಗ್ರಿ ಸೆಲ್ಸಿಯಸ್‌ನ ವ್ಯತ್ಯಾಸವನ್ನು ಎಚ್ಚರಿಕೆಯ ಗಂಟೆ ಎನ್ನುತ್ತಾರೆ, ಎರಡು ದಿನ ಹಾಗೇ ಇದ್ದರೆ ನಡಿಗೆ ತಗ್ಗಿಸಿ ತೋರಿಸಬೇಕು. ಕೈಗೆ ಅಷ್ಟು ಕರಾರುವಾಕ್ಕಾಗಿ ತಿಳಿಯದು, ಆದರೂ ಗಾಯವೇ ಇಲ್ಲದೆ ಒಂದು ಪಾದ ಬಿಸಿಯಾಗಿ, ಕೆಂಪಾಗಿ, ಊದಿಕೊಂಡರೆ ಯಾರ ಕೈಗೂ ತಿಳಿಯುತ್ತದೆ. ಅದು ಒಳಗೆ ಮೂಳೆಗಳು ಮುರಿಯುತ್ತಿರುವುದೂ ಇರಬಹುದು. ನೋವಿಲ್ಲದ್ದರಿಂದ ಜನ ಅದರ ಮೇಲೆಯೇ ನಡೆದು ಪಾದವನ್ನು ದೋಣಿಯ ತಳದಂತೆ ಮಾಡಿಕೊಳ್ಳುತ್ತಾರೆ.

ಒಬ್ಬರೇ ಇರುವವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಿಕೊಳ್ಳಬಹುದು ಎನ್ನುತ್ತಾರೆ. ಮಾಮುವಿಗೆ ಅದು ಆಗಲಿಲ್ಲ. ಸಕ್ಕರೆ ಅವರ ಕಣ್ಣಿಗೂ ಇಳಿದಿದೆ, ಮೊಣಕಾಲೂ ಬಾಗುವುದಿಲ್ಲ. ತನ್ನ ಕಾಲನ್ನು ತಾನೇ ನೋಡಿಕೋ ಎಂಬ ಸಲಹೆ, ನೋಡಲಾರದವರಿಗೇ ಹೆಚ್ಚಾಗಿ ಬೇಕಾಗಿರುತ್ತದೆ. ಮೊಮ್ಮಗ ಮೊಬೈಲಿನಲ್ಲಿ ಅಂಗಾಲಿನ ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸುವುದು ಅವರಿಗೆ ಒಗ್ಗಿತು.

ಈ ಕಾವಲು ನಾಲ್ಕು ದಿನ ತಪ್ಪಿದಾಗ ಏನಾಯಿತು ಎಂಬುದನ್ನೂ ಹೇಳುತ್ತೇನೆ. ಹರಿಹರದಲ್ಲಿ ಸಂಬಂಧಿಕರ ಶಾದಿ. ನಾನಿರುವುದು ಹರಿಹರದಲ್ಲೇ, ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರು, ಆದ್ದರಿಂದ ಮಾಮು ನಮ್ಮ ಮನೆಗೆ ಬಂದಿಳಿದರು. ಮುಮಾನಿ ತಂಗಿಯ ಬಾಣಂತನಕ್ಕೆಂದು ರಾಣೆಬೆನ್ನೂರಿಗೆ ಹೋಗಿದ್ದರು. ಡಾಕ್ಟರು ಹೇಳಿ ಮಾಡಿಸಿದ ಮೆತ್ತನೆ ಅಡಿಯ ಚಪ್ಪಲಿ ಶೇರ್ವಾನಿಗೆ ಒಪ್ಪುವುದಿಲ್ಲವೆಂದು ಮಾಮು ಹೊಸ ಚರ್ಮದ ಬೂಟು ಹಾಕಿಕೊಂಡರು. ನಿಕಾಹಿನಿಂದ ಊಟದವರೆಗೆ ಆರು ಗಂಟೆ. ಅಂಗಡಿಯಲ್ಲಿ ಹಾಕಿ ನೋಡುವಾಗ ‘ಬಿಗಿಯಾಗಿ ಚೆನ್ನಾಗಿ ಕೂತಿದೆ’ ಎಂದಿದ್ದರಂತೆ. ಸ್ಪರ್ಶ ಕಳೆದವರಿಗೆ ಸರಿಯಾದ ಅಳತೆಯ ಬೂಟು ಸಡಿಲವೆನಿಸುತ್ತದೆ, ಒಂದು ಅಳತೆ ಚಿಕ್ಕದ್ದೇ ಹಿತವೆನಿಸುತ್ತದೆ. ಆ ರಾತ್ರಿ ಎಡಗಾಲಿನ ಕಿರುಬೆರಳ ಹೊರಬದಿಯಲ್ಲಿ ಒಂದು ಗುಳ್ಳೆ ಎದ್ದಿತ್ತು. ಮಾಮು ಯಾರಿಗೂ ಹೇಳದೆ ಮರುದಿನ ದಾವಣಗೆರೆಗೆ ಹೋಗಿ, ಗುಳ್ಳೆ ಒಡೆದಲ್ಲಿ ಅರಿಶಿಣ ಮೆತ್ತಿ ಕಾಲುಚೀಲ ಹಾಕಿಕೊಂಡರು.

ಮೂರನೇ ದಿನ ಅವರ ಸಕ್ಕರೆ ನಾನೂರು ದಾಟಿತು. ಊಟದಲ್ಲಿ ಬದಲಾವಣೆ ಇಲ್ಲ, ಮಾತ್ರೆ ತಪ್ಪಿಲ್ಲ. ಶಾದಿಯ ಸಿಹಿಯನ್ನು ಎಲ್ಲರೂ ದೂರಿದೆವು. ಕಾರಣವಿಲ್ಲದೆ ಸಕ್ಕರೆ ಏರಿದರೆ ಮೊದಲು ಕಾಲುಚೀಲ ಬಿಚ್ಚಿ ನೋಡಬೇಕು, ಮೈಯೊಳಗೆ ಸೋಂಕು ಹಬ್ಬುವಾಗ ನೋವಿಲ್ಲದವರಲ್ಲಿ ಮಾತಾಡುವುದು ಸಕ್ಕರೆ ಮಾತ್ರ. ನಾಲ್ಕನೇ ದಿನ ಮುಮಾನಿ ಬಂದವರೇ ವಾಸನೆಯಿಂದ ತಿಳಿದುಕೊಂಡರು. ಕಿರುಬೆರಳು ನೇರಳೆ ಬಣ್ಣಕ್ಕೆ ತಿರುಗಿತ್ತು, ಪಾದದ ಮೇಲೆ ಕೆಂಪು ಹರಡಿತ್ತು. ಬೆರಳಿನ ಸ್ನಾಯುವಿನ ಗೂಡಿನುದ್ದಕ್ಕೂ ಕೀವು ಕೊಳವೆಯಲ್ಲಿ ನೀರು ಹರಿದ ಹಾಗೆ ಮೇಲಕ್ಕೆ ಹರಿಯುತ್ತದೆ, ಹೊರಗೆ ಬೆರಳಷ್ಟೇ ಕಂಡರೂ ಒಳಗೆ ಅರ್ಧ ಪಾದ ಕೆಟ್ಟಿರಬಹುದು. ಅದೇ ರಾತ್ರಿ ಆಪರೇಷನ್ ಮಾಡಿ ಕಿರುಬೆರಳನ್ನೂ ಅದರ ಬುಡದ ಮೂಳೆಯ ತುದಿಯನ್ನೂ ತೆಗೆದರು. ಇನ್ನೊಂದು ದಿನ ಕಳೆದಿದ್ದರೆ ಮೊಣಕಾಲ ಕೆಳಗಿನ ಮಾತು ಬರುತ್ತಿತ್ತು ಎಂದರು. ಗಾಯ ತುಂಬಲು ಎರಡು ತಿಂಗಳು ಹಿಡಿಯಿತು.

ಬೆರಳು ತೆಗೆದ ಮೇಲೆ ಭಾರ ಬೀಳುವ ಜಾಗ ಬದಲಾಗುತ್ತದೆ, ಪಕ್ಕದ ಬೆರಳ ಬುಡದಲ್ಲಿ ಹೊಸ ಆಣಿ ಏಳುತ್ತದೆ. ಮಾಮುಗೂ ಎದ್ದಿದೆ. ಐದು ವಾರಕ್ಕೊಮ್ಮೆ ಅದನ್ನು ಸುಲಿಸಿಕೊಳ್ಳಬೇಕು. ಮನೆಯ ಕಾವಲು ಎಷ್ಟಿದ್ದರೂ ಈ ಕೆಲಸ ಮನೆಯಲ್ಲಾಗದು. ಇದಕ್ಕೆಂದೇ ಕಲಿತವರು ನಮ್ಮ ಕಡೆ ವಿರಳ. ಬೆಂಗಳೂರಿನ ಸರ್ಕಾರಿ ಎಂಡೋಕ್ರೈನಾಲಜಿ ಸಂಸ್ಥೆಯಲ್ಲಿ ಪಾದದ್ದೇ ವಿಭಾಗವಿದೆ, ಆದರೆ ಆಣಿ ಸುಲಿಸಲು ಐದು ವಾರಕ್ಕೊಮ್ಮೆ ರೈಲು ಹತ್ತಲಾಗುತ್ತದೆಯೆ? ಮಾಮುವಿನ ಡಾಕ್ಟರು ತಮ್ಮ ನರ್ಸಿಗೆ ಕಲಿಸಿದ್ದಾರೆ, ಆ ಹೆಣ್ಣುಮಗಳು ನಮ್ಮ ಪಾಲಿಗೆ ದೊಡ್ಡ ತಜ್ಞೆ. ಚಪ್ಪಲಿಯೂ ಅಷ್ಟೇ ಮುಖ್ಯ. ವೆಲ್ಲೂರಿನ ಕಡೆ ಕುಷ್ಠ ರೋಗಿಗಳಿಗಾಗಿ ಬಳಕೆಗೆ ಬಂದ ಸೂಕ್ಷ್ಮರಂಧ್ರದ ರಬ್ಬರು, ‘ಎಂಸಿಆರ್’ ಎಂದು ಕೇಳಿದರೆ ಸಿಗುತ್ತದೆ. ಬೆರಳಿನಿಂದ ಒತ್ತಿದರೆ ತಗ್ಗಿ ಮತ್ತೆ ಏಳಬೇಕು, ಅದರಡಿಗೆ ಮೊಳೆ ತೂರದಷ್ಟು ಗಟ್ಟಿ ಅಡಿ ಇರಬೇಕು, ಹಿಮ್ಮಡಿಗೆ ಪಟ್ಟಿ ಇರಬೇಕು. ಅಟ್ಟೆಯನ್ನು ಮೊಳೆ ಹೊಡೆಯದೆ ಅಂಟಿಸಿ ಹೊಲಿಯಬೇಕು. ಪಿ.ಬಿ. ರಸ್ತೆಯ ಬದಿಯಲ್ಲಿ ಕೂರುವ ಚಮ್ಮಾರರೊಬ್ಬರು ಮಾಮುವಿನ ಪಾದವನ್ನು ಹಾಳೆಯ ಮೇಲೆ ಬರೆದುಕೊಂಡು ಹೊಲಿದುಕೊಟ್ಟರು. ‘ಸಾಬರೇ, ಇದಕ್ಕೆ ಒಂದು ಮೊಳೆನೂ ಹೊಡಿಯಂಗಿಲ್ಲ ಅಂತ ನನಗೂ ಗೊತ್ತೈತಿ, ನಮ್ಮಪ್ಪಗೂ ಶುಗರ್ ಇತ್ತು’ ಎಂದರು. ಎರಡು ಕಾಲಿಗೂ ಅವರ ಕೂಲಿ ಏಳುನೂರು.

ಮಾಮು ಈಗ ಉಮ್ರಾಕ್ಕೆ ಹೆಸರು ಬರೆಸಿದ್ದಾರೆ. ಇಹ್ರಾಮಿನಲ್ಲಿ ಗಂಡಸರು ಕಾಲುಚೀಲ ಹಾಕುವಂತಿಲ್ಲ, ತವಾಫನ್ನು ಹೆಚ್ಚಿನವರು ಬರಿಗಾಲಲ್ಲೇ ಮಾಡುತ್ತಾರೆ, ಹರಮಿನ ಒಳಗಿನ ಕಲ್ಲು ತಂಪಾಗಿದ್ದರೂ ಹೊರಗಿನ ರಸ್ತೆ ಕಾದ ಕಾವಲಿ. ಅಲ್ಲಿ ಚಪ್ಪಲಿ ಕಳೆದುಕೊಂಡು ಬಿಸಿಲಲ್ಲಿ ನಡೆದು, ಅಂಗಾಲಿನ ಚರ್ಮವೇ ಸುಲಿದು ಬಂದ ಸಕ್ಕರೆ ರೋಗಿಗಳು ಉಂಟು. ಪಾದದ ಮೇಲಿನ ಎಲುಬು ಮುಚ್ಚದ, ಶುದ್ಧವಾದ ಚಪ್ಪಲಿಯಲ್ಲಿ ತವಾಫ್ ಮಾಡಲು ಅಡ್ಡಿಯಿಲ್ಲ ಎಂದು ಮೌಲವಿ ಸಾಹೇಬರನ್ನು ಕೇಳಿ ತಿಳಿದುಕೊಂಡಿದ್ದಾರೆ. ಚಮ್ಮಾರರು ಅದೇ ಅಳತೆಯಲ್ಲಿ ಮತ್ತೆರಡು ಜೊತೆ ಹೊಲಿಯುತ್ತಿದ್ದಾರೆ, ಒಂದು ಹರಮಿನ ಒಳಗೆ, ಒಂದು ಹೊರಗೆ. ಹಾಕಿಕೊಳ್ಳದಿದ್ದಾಗ ಕೊರಳಿಗೆ ನೇತುಹಾಕಿಕೊಳ್ಳಲು ಮುಮಾನಿ ಹಳೆಯ ದುಪಟ್ಟಾದ ಬಟ್ಟೆಯಲ್ಲಿ ಚೀಲ ಹೊಲಿದಿದ್ದಾರೆ. ಹೊರಡುವುದಕ್ಕೆ ಮೂರು ವಾರ ಮೊದಲೇ ಹೊಸ ಜೋಡಿಯನ್ನು ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಹಾಕಿಸಿ, ಬಿಚ್ಚಿಸಿ, ಕೆಂಪು ಎಲ್ಲಾದರೂ ಬಿದ್ದಿದೆಯಾ ಎಂದು ನೋಡಬೇಕೆಂದು ನರ್ಸು ಹೇಳಿದ್ದಾಳೆ. ನಿನ್ನೆ ಎಡಗಾಲಿನ ಹೆಬ್ಬೆರಳ ಬದಿಯಲ್ಲಿ ಸ್ವಲ್ಪ ಕಂಡಿತಂತೆ. ಚಪ್ಪಲಿ ಮತ್ತೆ ಚಮ್ಮಾರರ ಹತ್ತಿರ ಹೋಗಿದೆ.